ಒಂದೇ ಸೊಸೈಟಿ, ಎರಡು ಸೂಪರ್‌ಸೀಡ್ ಆದೇಶ: ಮೊದಲನೆಯದು ಬಿತ್ತು, ಎರಡನೆಯದು ನಿಂತಿತು

ಇದು ಶಿವಮೊಗ್ಗ ಜಿಲ್ಲೆಯ ಮಲೆನಾಡು ಭಾಗದ ಒಂದು ಪ್ರಾಥಮಿಕ ಕೃಷಿ ಪತ್ತಿನ ಸಹಕಾರ ಸಂಘದ ಕಥೆ. ಊರಿನವರ ಬಾಯಲ್ಲಿ ಬರೀ 'ಸೊಸೈಟಿ'. ಸಂಘದ ಹೆಸರು, ಊರು, ವರ್ಷ ಹೇಳುವುದಿಲ್ಲ. ಗುರುತು ಸಿಗದಂತೆ ಕೆಲವು ಅಂಕಿಗಳನ್ನೂ ಸ್ವಲ್ಪ ಬದಲಿಸಿದ್ದೇನೆ. ಎರಡೂ ಕಡೆಯ ಕಡತ ಓದಿದ ಮೇಲೆ ಬರೆಯುತ್ತಿದ್ದೇನೆ. ಸಂಘದ ಒಂದೇ ಚುನಾಯಿತ ಮಂಡಳಿಯನ್ನು ಸಹಕಾರ ಇಲಾಖೆ ಎರಡು ಸಲ ಸೂಪರ್‌ಸೀಡ್ ಮಾಡಿತು, ಅಂದರೆ ಅಧಿಕಾರದಿಂದ ತೆಗೆಯಿತು. ಮೊದಲ ಸಲ ಹೈಕೋರ್ಟ್ ಆದೇಶವನ್ನು ರದ್ದು ಮಾಡಿತು, ಎರಡನೇ ಸಲ ಮಾಡಲಿಲ್ಲ. ಎರಡೂ ಸಲ ಗೋದಾಮಿನಲ್ಲಿ ಕಾಣೆಯಾಗಿದ್ದ ಅಡಿಕೆ ಅದೇ. ಹಾಗಾದರೆ ಬದಲಾಗಿದ್ದು ಏನು?

ಹಿನ್ನೆಲೆ

ಸಂಘಕ್ಕೆ ಸುಮಾರು ಎರಡು ಸಾವಿರ ಸದಸ್ಯರು. ಹೆಚ್ಚಿನವರು ಅಡಿಕೆ ಬೆಳೆಗಾರರು, ಉಳಿದವರು ಗದ್ದೆ ಇಟ್ಟುಕೊಂಡವರು. ಬೆಳೆ ಸಾಲ, ಚಿನ್ನದ ಸಾಲ, ಗೊಬ್ಬರ, ಕೊಳೆ ಔಷಧಿಗೆ ಬೇಕಾದ ಮೈಲುತುತ್ತ, ರೇಷನ್ ಅಂಗಡಿ ಎಲ್ಲ ಇಲ್ಲಿಯೇ. ಇವುಗಳ ಜೊತೆ ಅಡಿಕೆ ಅಡಮಾನ ಸಾಲವೂ ಇತ್ತು. ಬೆಳೆಗಾರ ಒಣಗಿಸಿದ ಅಡಿಕೆಯನ್ನು ಸಂಘದ ಗೋದಾಮಿನಲ್ಲಿ ಇಡುತ್ತಾನೆ, ಆ ದಿನದ ಧಾರಣೆಯ ಇಂತಿಷ್ಟು ಭಾಗ ಸಾಲ ತೆಗೆದುಕೊಳ್ಳುತ್ತಾನೆ, ದರ ಏರಿದಾಗ ಸಾಲ ತೀರಿಸಿ ಮಾಲು ಬಿಡಿಸಿಕೊಂಡು ಹೋಗುತ್ತಾನೆ. ಈ ಸಂಘ ಧಾರಣೆಯ ಶೇ 60ರಷ್ಟು ಕೊಡುತ್ತಿತ್ತು. ಈ ಸಾಲದ ಭದ್ರತೆ ಕಾಗದದಲ್ಲಿಲ್ಲ, ಚೀಲದಲ್ಲಿದೆ. ಚೀಲ ಗೋದಾಮಿನಲ್ಲಿ ಇಲ್ಲದಿದ್ದರೆ ಸಾಲಕ್ಕೆ ಆಧಾರವೇ ಇಲ್ಲ.

ಲೆಕ್ಕಪರಿಶೋಧಕರು ಬಂದಾಗ ಅಡಮಾನ ರಿಜಿಸ್ಟರ್‌ನಲ್ಲಿ 412 ಚೀಲ ಇತ್ತು. ಎಣಿಸಿದರೆ ಸಿಕ್ಕಿದ್ದು 331. ಅಂದರೆ 81 ಚೀಲ ಇಲ್ಲ. ಚೀಲಕ್ಕೆ 65 ಕೆ.ಜಿ. ಹಿಡಿದರೆ ಐವತ್ತು ಕ್ವಿಂಟಲ್‌ಗೂ ಜಾಸ್ತಿ. ಅದರ ಮೇಲೆ ಹೋಗಿದ್ದ ಸಾಲ ಸುಮಾರು 15 ಲಕ್ಷ ರೂಪಾಯಿ. ಉಳಿದ ಚೀಲಗಳಲ್ಲೂ ಕೆಲವನ್ನು ಬಿಚ್ಚಿದಾಗ, ಹೆಚ್ಚು ಬೆಲೆಯ ರಾಶಿ ಇಡಿ ಎಂದು ಬರೆದಿದ್ದ ಕಡೆ ಕಡಿಮೆ ಬೆಲೆಯ ಗೊರಬಲು ಇತ್ತು. ಮಾಲಿಲ್ಲದೆ ಸಾಲ ಪಡೆದವರು ಆರು ಜನ. ಅವರಲ್ಲಿ ಇಬ್ಬರು ಹಾಲಿ ನಿರ್ದೇಶಕರ ಮನೆಯವರು.

ಇದರ ಜೊತೆ ಇನ್ನೊಂದು ಹಳೆಯ ರೋಗವೂ ಇತ್ತು. ಹಿಂದಿನ ಎರಡು ವರ್ಷದ ಲೆಕ್ಕಪರಿಶೋಧನಾ ವರದಿಗಳಲ್ಲಿ ತೋರಿಸಿದ್ದ ನ್ಯೂನತೆಗಳಿಗೆ ಸಂಘ ಅನುಪಾಲನಾ ವರದಿಯನ್ನೇ ಕಳಿಸಿರಲಿಲ್ಲ. ಆದರೆ ಈಗಿನ ಮಂಡಳಿ ಚುನಾಯಿತವಾಗಿ 14 ತಿಂಗಳಷ್ಟೇ ಆಗಿತ್ತು. ಈ ಒಂದು ಸಂಗತಿಯನ್ನು ನೆನಪಿಟ್ಟುಕೊಂಡು ಮುಂದೆ ಓದಿ.

ಮೊದಲ ಸಲ

ಕರ್ನಾಟಕ ಸಹಕಾರ ಸಂಘಗಳ ಕಾಯ್ದೆ, 1959ರಲ್ಲಿ ನಿಬಂಧಕರ ಕೈಯಲ್ಲಿ ಹಲವು ಅಧಿಕಾರ ಇವೆ. ಜಿಲ್ಲೆಯಲ್ಲಿ ಅವನ್ನು ಚಲಾಯಿಸುವವರು ಉಪ ನಿಬಂಧಕರು ಮತ್ತು ಸಹಾಯಕ ನಿಬಂಧಕರು, ನಮ್ಮ ಮಾತಲ್ಲಿ ಡಿಆರ್, ಎಆರ್. ಕಲಂ 63 ಲೆಕ್ಕಪರಿಶೋಧನೆ. ಕಲಂ 64 ಸಂಘದ ವ್ಯವಹಾರದ ವಿಚಾರಣೆ. ಕಲಂ 65 ಪುಸ್ತಕಗಳ ತಪಾಸಣೆ. ಇವುಗಳಲ್ಲಿ ತಪ್ಪು ಕಂಡರೆ ಕಲಂ 68ರಲ್ಲಿ ಅದನ್ನು ಸಂಘದ ಗಮನಕ್ಕೆ ತಂದು, ಇಷ್ಟು ದಿನದಲ್ಲಿ ಸರಿಮಾಡಿ ಎಂದು ನಿರ್ದೇಶನ ಕೊಡಬಹುದು. ನಷ್ಟಕ್ಕೆ ಕಾರಣರಾದ ವ್ಯಕ್ತಿಗಳಿಂದ ವಸೂಲಿಗೆ ಕಲಂ 69 ಇದೆ. ಸಾಲಗಾರನ ಮೇಲೆ ದಾವೆಗೆ ಕಲಂ 70. ಇಡೀ ಮಂಡಳಿಯನ್ನೇ ತೆಗೆದು ಆಡಳಿತಾಧಿಕಾರಿ ಕೂರಿಸುವುದು ಕಲಂ 30. ಪದೇಪದೇ ಕರ್ತವ್ಯ ತಪ್ಪಿದರೆ, ನಿರ್ಲಕ್ಷ್ಯ ಮಾಡಿದರೆ, ಸಂಘಕ್ಕೋ ಸದಸ್ಯರಿಗೋ ಹಾನಿಯಾಗುವ ಕೆಲಸ ಮಾಡಿದರೆ ಅದನ್ನು ಬಳಸಬಹುದು. ಅದಕ್ಕೂ ಮುಂಚೆ ಮಂಡಳಿಗೆ ಆಕ್ಷೇಪಣೆ ಹೇಳುವ ಅವಕಾಶ ಕೊಡಲೇಬೇಕು.

ಡಿಆರ್ ಕಚೇರಿ ಕಲಂ 64ರ ವಿಚಾರಣೆಗೆ ಆದೇಶ ಮಾಡಿತು. ಒಬ್ಬ ಸಹಕಾರ ಅಭಿವೃದ್ಧಿ ಅಧಿಕಾರಿ ವಿಚಾರಣೆ ನಡೆಸಿ ವರದಿ ಕೊಟ್ಟರು. ವರದಿ ಚೆನ್ನಾಗಿಯೇ ಇತ್ತು. ಯಾವ ಸಾಲ ಯಾವ ದಿನದ ನಿರ್ಣಯದ ಮೇಲೆ ಹೋಗಿದೆ ಎಂಬ ಪಟ್ಟಿಯೂ ಅದರಲ್ಲಿತ್ತು. ಆ ಪಟ್ಟಿಯ ಪ್ರಕಾರ 81 ಚೀಲದಲ್ಲಿ 50 ಚೀಲದ ಸಾಲ ಹಿಂದಿನ ಮಂಡಳಿಯ ಕಾಲದ್ದು. ಈಗಿನ ಮಂಡಳಿಯ ಲೆಕ್ಕಕ್ಕೆ ಬರುವುದು 31 ಚೀಲ, ಸುಮಾರು 5.80 ಲಕ್ಷ.

ನೋಟಿಸ್ ಬರೆದವರು ಆ ಪಟ್ಟಿಯನ್ನು ನೋಡಿದಂತೆ ಕಾಣುವುದಿಲ್ಲ. ಅಥವಾ ನೋಡಿಯೂ ಬಿಟ್ಟರೋ ಏನೋ. ನೋಟಿಸ್‌ನಲ್ಲಿ ಒಂಬತ್ತು ಆರೋಪ ಇದ್ದವು. ಆರು ಪೂರ್ತಿಯಾಗಿ ಹಿಂದಿನ ಮಂಡಳಿಯವು. ಉಳಿದ ಮೂರರಲ್ಲೂ ದಿನಾಂಕ ಇರಲಿಲ್ಲ. 'ಆಡಳಿತ ಮಂಡಳಿಯು ಸಂಘದ ಹಿತಾಸಕ್ತಿಗೆ ವಿರುದ್ಧವಾಗಿ ವರ್ತಿಸಿರುತ್ತದೆ' ಎಂಬ ಮಾದರಿಯ ವಾಕ್ಯಗಳೇ ಎಲ್ಲ. ಉತ್ತರಕ್ಕೆ ಏಳು ದಿನ ಕೊಟ್ಟಿದ್ದರು. ವಿಚಾರಣಾ ವರದಿಯ ಪ್ರತಿ ಜೊತೆಗಿರಲಿಲ್ಲ. ಮಂಡಳಿ ಐದನೇ ದಿನ ಪತ್ರ ಬರೆದು ವರದಿಯ ಪ್ರತಿ ಮತ್ತು ಹದಿನೈದು ದಿನ ಸಮಯ ಕೇಳಿತು. ಅದಕ್ಕೆ ಉತ್ತರವೇ ಬರಲಿಲ್ಲ. ಬಂದಿದ್ದು ನೇರ ಆದೇಶ. ಅದರಲ್ಲಿ ಕಾರಣ ಹೇಳುವ ಭಾಗ ಒಂದೇ ಸಾಲು: ನೀಡಿದ ಸಮಜಾಯಿಷಿ ಸಮಂಜಸವಾಗಿಲ್ಲ. ಮಂಡಳಿ ಸಮಜಾಯಿಷಿಯನ್ನೇ ಕೊಟ್ಟಿರಲಿಲ್ಲ ಅಲ್ವಾ?

ಆದೇಶದ ಪ್ರತಿ ಅಧ್ಯಕ್ಷರ ಕೈ ಸೇರುವ ಮುಂಚೆಯೇ ಆಡಳಿತಾಧಿಕಾರಿ ಸಂಘಕ್ಕೆ ಬಂದು ಪ್ರಭಾರ ವಹಿಸಿಕೊಂಡರು. ಕಪಾಟಿಗೆ ಸೀಲ್ ಬಿತ್ತು. ಅದು ಮಾರ್ಚ್ ತಿಂಗಳು. ಸೊಸೈಟಿಯ ಒಳಹೊರಗು ಗೊತ್ತಿದ್ದವರು ಈ ತಿಂಗಳಲ್ಲಿ ಹೀಗೆ ಮಾಡುವುದಿಲ್ಲ. ಶೂನ್ಯ ಬಡ್ಡಿಯ ಬೆಳೆ ಸಾಲದ ಲಾಭ ಸಿಗಬೇಕಾದರೆ ಸದಸ್ಯ ಗಡುವಿನೊಳಗೆ ಕಟ್ಟಿರಬೇಕು. ಕಟ್ಟಿದ್ದನ್ನು ಮತ್ತೆ ಹೊಸ ಸಾಲವಾಗಿ ಕೊಡಬೇಕಾದರೆ ಜಿಲ್ಲಾ ಕೇಂದ್ರ ಸಹಕಾರ ಬ್ಯಾಂಕಿನಲ್ಲಿ, ಅಂದರೆ ಡಿಸಿಸಿ ಬ್ಯಾಂಕಿನಲ್ಲಿ, ಸಂಘದ ಖಾತೆ ನಡೆಯುತ್ತಿರಬೇಕು. ಹೊಸ ಆಡಳಿತಾಧಿಕಾರಿಯ ಮಾದರಿ ಸಹಿ ಬ್ಯಾಂಕಿಗೆ ಹೋಗಿ ದಾಖಲಾಗುವಷ್ಟರಲ್ಲಿ ತಿಂಗಳ ಕೊನೆಯ ವಾರ ಬಂದಿತ್ತು. ಕೈಸಾಲ ಮಾಡಿ ಕಟ್ಟಿದವರು ಹೊಸ ಸಾಲ ಯಾವಾಗ ಸಿಗುತ್ತದೋ ಎಂದು ಸಂಘದ ಜಗಲಿಯಲ್ಲಿ ಕೂತಿದ್ದರು. ಎಆರ್ ಮಧ್ಯೆ ಬಂದು ಬ್ಯಾಂಕಿಗೆ ಪತ್ರ ಬರೆದ ಮೇಲೆ ವ್ಯವಹಾರ ಬಿಚ್ಚಿಕೊಂಡಿತು. ಆದರೆ ಆ ಎರಡು ವಾರದಲ್ಲಿ ಊರಿನ ಅಭಿಪ್ರಾಯ ತಿರುಗಿಬಿಟ್ಟಿತು. ಚೀಲ ಎಲ್ಲಿ ಹೋಯಿತು ಎಂದು ಕೇಳುತ್ತಿದ್ದವರೇ ಇಲಾಖೆ ನಮಗೆ ಅನ್ಯಾಯ ಮಾಡಿತು ಎನ್ನತೊಡಗಿದರು.

ಮಂಡಳಿ ಹೈಕೋರ್ಟಿಗೆ ರಿಟ್ ಹಾಕಿತು. ಸರ್ಕಾರದ ಕಡೆಯಿಂದ, ಕಾಯ್ದೆಯಲ್ಲೇ ಮೇಲ್ಮನವಿಗೆ ದಾರಿ ಇದೆ, ಇಲ್ಲಿಗೆ ಯಾಕೆ ಬಂದರು ಎಂಬ ವಾದ ಬಂತು. ಇದು ಸಾಮಾನ್ಯವಾಗಿ ಗಟ್ಟಿ ವಾದವೇ. ಆದರೆ ಕೇಳದೆಯೇ ಆದೇಶ ಮಾಡಿದ್ದಾರೆ ಎಂಬುದು ಕಡತದಲ್ಲೇ ಎದ್ದು ಕಾಣುವಾಗ ಹೈಕೋರ್ಟ್ ರಿಟ್ ತೆಗೆದುಕೊಳ್ಳುತ್ತದೆ. ಮಂಡಳಿಯ ವಕೀಲರು ಇನ್ನೊಂದು ವಾದವನ್ನೂ ಸೇರಿಸಿದ್ದರು. ಸರ್ಕಾರದ ಷೇರು, ಸಾಲ, ನೆರವು, ಖಾತರಿ ಯಾವುದೂ ಇಲ್ಲದ ಸಂಘದ ಮಂಡಳಿಯನ್ನು ಸೂಪರ್‌ಸೀಡ್ ಮಾಡುವಂತಿಲ್ಲ ಎಂಬ ಮಾತು ಸಂವಿಧಾನದ 97ನೇ ತಿದ್ದುಪಡಿಯಲ್ಲಿತ್ತು. ಆ ಭಾಗ ರಾಜ್ಯದ ಸಂಘಗಳಿಗೆ ಅನ್ವಯಿಸುವಷ್ಟರ ಮಟ್ಟಿಗೆ ಊರ್ಜಿತವಲ್ಲ ಎಂದು ಸುಪ್ರೀಂ ಕೋರ್ಟ್ 2021ರ ಜುಲೈನಲ್ಲಿ ಹೇಳಿತು. ಅಷ್ಟರಲ್ಲಿ ಆಡಳಿತಾಧಿಕಾರಿಗೆ ಆರು ತಿಂಗಳ ಮಿತಿಯಂಥ ಅಂಶಗಳು ರಾಜ್ಯದ ಕಾಯ್ದೆಯೊಳಗೇ ಬಂದಿದ್ದವು. ಇರಲಿ, ಈ ಸಂಘದಲ್ಲಿ ಸರ್ಕಾರದ ಷೇರು ಬಂಡವಾಳ ಇತ್ತು. ಹಾಗಾಗಿ ಆ ವಾದ ಇಲ್ಲಿ ನಿಲ್ಲುವಂಥದ್ದೇ ಅಲ್ಲ.

ಗೆಲ್ಲಿಸಿದ್ದು ಎರಡು ಅಂಶ. ವರದಿ ಕೊಡದೆ ಉತ್ತರ ಕೇಳಿದ್ದು ಒಂದು. ಹಿಂದಿನವರ ತಪ್ಪಿಗೆ ಈಗಿನವರನ್ನು ಹೊಣೆ ಮಾಡಿದ್ದು ಇನ್ನೊಂದು. ಎರಡನೆಯದಕ್ಕೆ ಮಧ್ಯಪ್ರದೇಶದ ಪನ್ನಾ ಜಿಲ್ಲಾ ಸಹಕಾರಿ ಕೇಂದ್ರ ಬ್ಯಾಂಕಿನ ಪ್ರಕರಣ ಆಧಾರವಾಯಿತು. ಅಲ್ಲೂ ಚುನಾಯಿತ ಮಂಡಳಿಯ ಮೇಲೆ ಹಿಂದಿನ ಕಾಲದ ಆರೋಪ ಹೊರಿಸಲಾಗಿತ್ತು. 2013ರಲ್ಲಿ ಸುಪ್ರೀಂ ಕೋರ್ಟ್ ಆ ಮಂಡಳಿಯನ್ನು ಮತ್ತೆ ಕೂರಿಸಿತು. ಚುನಾಯಿತ ಮಂಡಳಿಯನ್ನು ತೆಗೆಯುವ ಅಧಿಕಾರವನ್ನು ಅಪರೂಪಕ್ಕೆ, ಎಚ್ಚರಿಕೆಯಿಂದ ಬಳಸಬೇಕು ಎಂದಿತು. ನಮ್ಮ ಸಂಘದ ಆದೇಶವೂ ರದ್ದಾಯಿತು. ಕಾನೂನು ಪ್ರಕಾರ ಹೊಸದಾಗಿ ಕ್ರಮ ಕೈಗೊಳ್ಳಲು ಇಲಾಖೆಗೆ ಸ್ವಾತಂತ್ರ್ಯ ಇದೆ ಎಂಬ ಒಂದು ಸಾಲನ್ನೂ ಹೈಕೋರ್ಟ್ ಸೇರಿಸಿತು. ಮಂಡಳಿಯವರು ಆ ಸಾಲನ್ನು ಓದಿದಂತೆ ಕಾಣಲಿಲ್ಲ.

ಗೆದ್ದು ಬಂದ ಮೇಲೆ

ನನ್ನ ಪ್ರಕಾರ ಇಡೀ ಪ್ರಕರಣದ ತಿರುವು ಇರುವುದು ಕೋರ್ಟಿನಲ್ಲಲ್ಲ, ನಂತರದ ಐದು ತಿಂಗಳಲ್ಲಿ.

ಮಂಡಳಿ ಮರಳಿ ಕೂತ ಕೆಲವೇ ವಾರಕ್ಕೆ ಎಆರ್ ಕಚೇರಿಯಿಂದ ಕಲಂ 68ರ ಪತ್ರ ಬಂತು. ಈ ಸಲ ಎಆರ್ ಹೊಸಬರು, ಪತ್ರ ಬರೆಯುವುದು ಗೊತ್ತಿದ್ದವರು. ಕೇಳಿದ್ದು ನಾಲ್ಕೇ ಕೆಲಸ. ಗೋದಾಮನ್ನು ಮಂಡಳಿಯ ಎದುರೇ ಮತ್ತೆ ಎಣಿಸಿ ಪಟ್ಟಿ ಕೊಡಿ. ಮಾಲಿಲ್ಲದ ಆರು ಸಾಲಗಾರರ ಮೇಲೆ ಕಲಂ 70ರಲ್ಲಿ ದಾವೆ ಹೂಡಿ. ಗೋದಾಮಿನ ಬೀಗ ಇಟ್ಟುಕೊಂಡಿದ್ದ ನೌಕರನ ಮೇಲೆ ಇಲಾಖಾ ವಿಚಾರಣೆ ಶುರುಮಾಡಿ. ಬಾಕಿ ಇರುವ ಅನುಪಾಲನಾ ವರದಿಗಳನ್ನು ಕಳಿಸಿ. ಅರವತ್ತು ದಿನ ಸಮಯ.

ಇದು ಮಂಡಳಿಗೆ ಸಿಕ್ಕ ಒಳ್ಳೆಯ ಅವಕಾಶ ಆಗಿತ್ತು. 50 ಚೀಲ ಹಿಂದಿನವರ ಕಾಲದ್ದು ಎಂದು ಕೋರ್ಟಿನಲ್ಲಿ ವಾದಿಸಿ ಗೆದ್ದವರು, ಆ 50 ಚೀಲದ ಸಾಲಗಾರರ ಮೇಲೆ ದಾವೆ ಹಾಕಿದ್ದರೆ ಅವರ ಮಾತಿಗೂ ಕೆಲಸಕ್ಕೂ ತಾಳೆ ಆಗುತ್ತಿತ್ತು. ಆದರೆ ಮಂಡಳಿ ಈ ಪತ್ರವನ್ನು ಮೂರು ಸಭೆಗಳಲ್ಲಿ ಓದಿ, ಮೂರು ಸಲವೂ 'ವಿಷಯವನ್ನು ಮುಂದಿನ ಸಭೆಗೆ ಇಡಲು ತೀರ್ಮಾನಿಸಲಾಯಿತು' ಎಂದು ಬರೆಯಿತು. ಕಾರಣ ಊಹಿಸುವುದು ಕಷ್ಟವಲ್ಲ. ದಾವೆ ಹಾಕಿದರೆ ಇಬ್ಬರು ನಿರ್ದೇಶಕರ ಮನೆ ಬಾಗಿಲಿಗೇ ನೋಟಿಸ್ ಹೋಗಬೇಕಿತ್ತು.

ಮಹಿಳಾ ಮೀಸಲು ಸ್ಥಾನದಿಂದ ಬಂದಿದ್ದ ನಿರ್ದೇಶಕಿಯೊಬ್ಬರು ಮಾತ್ರ ಒಪ್ಪಲಿಲ್ಲ. ಅವರನ್ನು ಸಾವಿತ್ರಮ್ಮ ಎನ್ನೋಣ, ನಿಜ ಹೆಸರು ಬೇರೆ. ಎರಡನೇ ಸಭೆಯಲ್ಲಿ ತನ್ನ ಅಸಮ್ಮತಿಯನ್ನು ನಡಾವಳಿಯಲ್ಲಿ ಬರೆಯಿರಿ ಎಂದರು.

"ಅಕ್ಕಾ, ಇದು ಊರಿನ ಮರ್ಯಾದೆ ಪ್ರಶ್ನೆ. ಸುಮ್ನೆ ಇದ್ದುಬಿಡಿ" ಎಂದರಂತೆ ಅಧ್ಯಕ್ಷರು.

"ಮರ್ಯಾದೆ ಇರ್ಲಿ ಮಾರಾಯ್ರೇ. ನಾಳೆ ವಸೂಲಿಗೆ ಬಂದ್ರೆ ನನ್ನ ತೋಟಕ್ಕೂ ಬರ್ತಾರಲ್ಲ" ಎಂದರು ಇವರು.

ಕಾರ್ಯದರ್ಶಿ ಬರೆಯಲಿಲ್ಲ. ಸಾವಿತ್ರಮ್ಮ ಮರುದಿನವೇ ಅದೇ ವಿಷಯವನ್ನು ರಿಜಿಸ್ಟರ್ಡ್ ಪೋಸ್ಟ್‌ನಲ್ಲಿ ಸಂಘಕ್ಕೆ ಕಳಿಸಿ, ಒಂದು ಪ್ರತಿಯನ್ನು ಎಆರ್ ಕಚೇರಿಗೂ ಕಳಿಸಿದರು. ಇದು ಯಾರೋ ಹೇಳಿಕೊಟ್ಟಿದ್ದಲ್ಲ. ಅವರ ಮಾವನ ಕಾಲದ ಒಂದು ಜಮೀನು ವ್ಯಾಜ್ಯದಲ್ಲಿ ಪೋಸ್ಟಿನ ರಸೀದಿಯೇ ಕೆಲಸಕ್ಕೆ ಬಂದಿತ್ತಂತೆ.

ಅರವತ್ತು ದಿನ ಮುಗಿಯಿತು. ಎಆರ್ ಮತ್ತೆ ಮೂವತ್ತು ದಿನ ಕೊಟ್ಟು ನೆನಪೋಲೆ ಬರೆದರು. ಅದನ್ನೂ ಮುಂದಿನ ಸಭೆಗೆ ಇಟ್ಟರು. ಈ ನಡುವೆ ಅದೇ ಆರು ಜನರಲ್ಲಿ ಒಬ್ಬರ ಅಡಮಾನ ಸಾಲವನ್ನು ಮಾಲು ನೋಡದೆ ನವೀಕರಿಸಿದರು. ನಿರ್ಣಯದ ಸಂಖ್ಯೆ, ದಿನಾಂಕ ಎಲ್ಲ ನಡಾವಳಿಯಲ್ಲಿ ಸ್ಪಷ್ಟವಾಗಿ ಬರೆದಿದೆ.

ಎರಡನೇ ಸಲ

ಈ ಸಲದ ನೋಟಿಸ್‌ನಲ್ಲಿ ಮೂರೇ ಆರೋಪ. ಈಗಿನ ಮಂಡಳಿ ತನ್ನ ನಿರ್ಣಯದಿಂದಲೇ 31 ಚೀಲದ ಮಾಲಿಲ್ಲದೆ ಸಾಲ ಕೊಟ್ಟದ್ದು. ಕಲಂ 68ರ ನಿರ್ದೇಶನವನ್ನು ಮೂರು ಸಭೆಗಳಲ್ಲಿ ಮುಂದೂಡಿ, ನೆನಪೋಲೆ ಬಂದ ಮೇಲೂ ಪಾಲಿಸದಿದ್ದದ್ದು. ವಿಚಾರಣೆ ನಡೆದ ಮೇಲೂ ಅದೇ ಥರದ ಸಾಲವನ್ನು ನವೀಕರಿಸಿದ್ದು. ಹಿಂದಿನ ಮಂಡಳಿಯ ಮಾತೇ ಇಲ್ಲ. ಪ್ರತಿ ಆರೋಪದ ಎದುರು ದಿನಾಂಕ, ನಿರ್ಣಯ ಸಂಖ್ಯೆ, ಅದನ್ನು ತೋರಿಸುವ ದಾಖಲೆಯ ಪುಟ. ವಿಚಾರಣಾ ವರದಿಯ ಪ್ರತಿ, ನಡಾವಳಿಯ ಪ್ರತಿ ಜೊತೆಗೇ. ನೋಟಿಸ್ ಸಂಘದ ವಿಳಾಸಕ್ಕಷ್ಟೇ ಅಲ್ಲ, ಪ್ರತಿ ನಿರ್ದೇಶಕರ ಮನೆಗೂ ಹೋಯಿತು. ಉತ್ತರಕ್ಕೆ ಒಂದು ತಿಂಗಳು, ಆಮೇಲೆ ಡಿಆರ್ ಎದುರು ಖುದ್ದು ಹಾಜರಾಗಿ ಹೇಳುವ ಅವಕಾಶ. ಡಿಸಿಸಿ ಬ್ಯಾಂಕಿನ ಅಭಿಪ್ರಾಯವನ್ನೂ ಲಿಖಿತವಾಗಿ ತರಿಸಿಕೊಂಡರು.

ಮೊದಲ ನೋಟಿಸ್‌ಗೂ ಇದಕ್ಕೂ ಇರುವ ದೊಡ್ಡ ವ್ಯತ್ಯಾಸ 'ಪದೇಪದೇ' ಎಂಬ ಮಾತಿನ ಸಾಕ್ಷಿಯಲ್ಲಿದೆ. ಅಡಿಕೆ ಕಡಿಮೆ ಬಂದದ್ದು ಒಂದು ಘಟನೆ. ಒಂದು ಘಟನೆಯಿಂದ ಪದೇಪದೇ ಕರ್ತವ್ಯ ತಪ್ಪಿದರು ಎಂದು ಹೇಳಲು ಬರುವುದಿಲ್ಲ. ಸರಿಮಾಡಿ ಎಂದು ಹೇಳಿ, ಸಮಯ ಕೊಟ್ಟು, ನೆನಪಿಸಿ, ಆಮೇಲೂ ಮಾಡದಿದ್ದಾಗ ಆ ಮಾತು ನಿಲ್ಲುತ್ತದೆ. ಕಲಂ 68ರ ಪತ್ರ ಇಲ್ಲದ ಕಡತದಲ್ಲಿ ಕಲಂ 30ರ ಆದೇಶ ಕಂಡರೆ ನಾನು ಮೊದಲು ಅನುಮಾನಿಸುವುದು ಇದೇ ಜಾಗದಲ್ಲಿ. ಆ ಪತ್ರ ಕಡ್ಡಾಯ ಎಂದಲ್ಲ. ಅದಿಲ್ಲದಿದ್ದರೆ ಇಲಾಖೆಯ ಮೂಲ ಉದ್ದೇಶ ಸಂಘ ಸರಿಮಾಡುವುದೋ, ಮಂಡಳಿ ಬದಲಿಸುವುದೋ ಎಂಬ ಪ್ರಶ್ನೆಗೆ ಉತ್ತರ ಕೊಡುವುದು ಕಷ್ಟ. ರಾಜ್ಯದಲ್ಲಿ ಸರ್ಕಾರ ಬದಲಾದ ಕೂಡಲೇ ಇಂಥ ನೋಟಿಸ್‌ಗಳು ಹೆಚ್ಚುತ್ತವೆ ಎಂಬ ದೂರು ಸಹಕಾರಿಗಳ ಬಾಯಲ್ಲಿ ಯಾವಾಗಲೂ ಇರುತ್ತದೆ, ಕೆಲವೊಮ್ಮೆ ಸಕಾರಣವಾಗಿ.

ಮಂಡಳಿಯ ಉತ್ತರದಲ್ಲಿ ರಾಜಕೀಯದ ಮಾತು ಬಹಳ ಇತ್ತು. 31 ಚೀಲದ ಬಗ್ಗೆ ಒಂದೇ ವಾಕ್ಯ: ತೇವಾಂಶ ಇಳಿದು ತೂಕ ಕಡಿಮೆಯಾಗಿದೆ. ಅಡಿಕೆ ಒಣಗಿ ತೂಕ ಇಳಿಯುತ್ತದೆ ನಿಜ. ಆದರೆ ಕೊರತೆ ಬಂದದ್ದು ತೂಕದಲ್ಲಲ್ಲ, ಚೀಲದ ಎಣಿಕೆಯಲ್ಲಿ. ಡಿಆರ್ ಆದೇಶ ಹದಿನಾಲ್ಕು ಪುಟ ಬಂತು, ಪ್ರತಿ ಉತ್ತರವನ್ನು ಎತ್ತಿಕೊಂಡು ಯಾಕೆ ಒಪ್ಪಲಾಗದು ಎಂದು ಬರೆದಿತ್ತು. ಮಂಡಳಿ ಮತ್ತೆ ಹೈಕೋರ್ಟಿಗೆ ಹೋಯಿತು. ಈ ಸಲ ಮೇಲ್ಮನವಿಯ ದಾರಿ ಹಿಡಿಯಿರಿ ಎಂಬ ಉತ್ತರ ಸಿಕ್ಕಿತು. ಮೇಲ್ಮನವಿಯಲ್ಲಿ ತಡೆಯಾಜ್ಞೆ ಸಿಗಲಿಲ್ಲ.

ಆಡಳಿತಾಧಿಕಾರಿಗೆ ಇದ್ದದ್ದು ಆರು ತಿಂಗಳು. ಅದರೊಳಗೆ ಚುನಾವಣೆ ಮುಗಿಸಿ ಹೊಸ ಮಂಡಳಿಗೆ ಅಧಿಕಾರ ಕೊಡಬೇಕು. ಇದು ಕೇಳಲು ಧಾರಾಳ ಅನಿಸುತ್ತದೆ, ಆದರೆ ಮತದಾರರ ಪಟ್ಟಿಯೇ ಅರ್ಧ ಸಮಯ ತಿನ್ನುತ್ತದೆ. ಸುಸ್ತಿದಾರರಿಗೆ ಮತ ಇಲ್ಲ. ಸಾಮಾನ್ಯ ಸಭೆಗಳಿಗೆ ಬಾರದವರ ಅರ್ಹತೆಯ ಪ್ರಶ್ನೆಯೂ ಏಳುತ್ತದೆ. ಅನರ್ಹರ ಪಟ್ಟಿ ಹಚ್ಚಿದ ದಿನದಿಂದ ಆಕ್ಷೇಪಣೆಗಳು ಶುರು. ಈ ಅಧಿಕಾರಿ ಎರಡು ಕೆಲಸ ಸರಿಯಾಗಿ ಮಾಡಿದರು. ಮೊದಲ ತಿಂಗಳಲ್ಲೇ ಸದಸ್ಯರ ರಿಜಿಸ್ಟರ್ ಕೈಗೆತ್ತಿಕೊಂಡರು, ಮತ್ತು ತನ್ನ ಅವಧಿಯಲ್ಲಿ ಹೊಸ ಸದಸ್ಯತ್ವ ಕೊಡಲಿಲ್ಲ. ಆಡಳಿತಾಧಿಕಾರಿ ಇದ್ದಾಗ ನೂರಾರು ಹೊಸ ಸದಸ್ಯರು ಸೇರಿಕೊಂಡರೆ ಚುನಾವಣೆ ಮುಗಿದರೂ ಜಗಳ ಮುಗಿಯುವುದಿಲ್ಲ. ಮಾದರಿ ಸಹಿಯನ್ನು ಪ್ರಭಾರ ವಹಿಸಿಕೊಂಡ ದಿನವೇ ಬ್ಯಾಂಕಿಗೆ ಕಳಿಸಿದ್ದರು ಎಂಬುದನ್ನೂ ಹೇಳಬೇಕು. ಸಹಕಾರ ಚುನಾವಣಾ ಪ್ರಾಧಿಕಾರದ ಅಡಿಯಲ್ಲಿ ಚುನಾವಣೆ ಆರನೇ ತಿಂಗಳ ಎರಡನೇ ವಾರದಲ್ಲಿ ಮುಗಿಯಿತು.

ಹಣ ಏನಾಯಿತು

ಮಂಡಳಿ ಹೋದರೆ ಹಣ ವಾಪಸ್ ಬರುವುದಿಲ್ಲ. ಊರಿನವರಿಗೆ ಇದು ಅರ್ಥವಾಗಲು ತಡವಾಯಿತು. ಕಲಂ 30 ಎಲ್ಲ ನಿರ್ದೇಶಕರನ್ನೂ ಒಟ್ಟಿಗೆ ಕೆಳಗಿಳಿಸುತ್ತದೆ, ಯಾರ ಜೇಬಿಗೂ ಕೈ ಹಾಕುವುದಿಲ್ಲ. ಹಣಕ್ಕೆ ಕಲಂ 70ರ ದಾವೆ ಸಾಲಗಾರರ ಮೇಲೆ, ಕಲಂ 69ರ ಕ್ರಮ ಹೊಣೆಗಾರರ ಮೇಲೆ ಬೇರೆಯಾಗಿಯೇ ನಡೆಯಬೇಕು. ಮೊದಲ ಸಲ ಇಲಾಖೆ ಇವೆರಡನ್ನೂ ಶುರುಮಾಡಿರಲೇ ಇಲ್ಲ. ಶುರುಮಾಡಿದ್ದರೆ ಕೋರ್ಟ್ ಮಂಡಳಿಯನ್ನು ಮತ್ತೆ ಕೂರಿಸಿದರೂ ವಸೂಲಿ ನಿಲ್ಲುತ್ತಿರಲಿಲ್ಲ. ಸುಮಾರು ಒಂದು ವರ್ಷ ಹೀಗೆ ಹೋಯಿತು.

ಆಡಳಿತಾಧಿಕಾರಿ ಆರೂ ಜನರ ಮೇಲೆ ದಾವೆ ಹೂಡಿದರು. ಇಬ್ಬರು ನೋಟಿಸ್ ಬಂದ ಕೂಡಲೇ ಪೂರ್ತಿ ಕಟ್ಟಿದರು. ಅವರಲ್ಲೊಬ್ಬರು ನಿರ್ದೇಶಕರ ಮನೆಯವರು. ನಾಲ್ಕು ದಾವೆಗಳಲ್ಲಿ ತೀರ್ಪು ಸಂಘದ ಕಡೆ ಆಗಿ ಜಾರಿಯ ಹಂತದಲ್ಲಿವೆ. ಕಲಂ 69ರ ವಿಚಾರಣೆಯಲ್ಲಿ ಪ್ರತಿಯೊಬ್ಬ ನಿರ್ದೇಶಕರ ಪಾತ್ರವನ್ನೂ ಬೇರೆಬೇರೆಯಾಗಿ ನೋಡಿದರು. ನಡಾವಳಿಯಲ್ಲಿ ಸಾವಿತ್ರಮ್ಮನವರ ಅಸಮ್ಮತಿ ಎಲ್ಲೂ ಇರಲಿಲ್ಲ. ಆದರೆ ಎಆರ್ ಕಚೇರಿಯ ಮೊಹರು ಬಿದ್ದ ಅವರ ಪತ್ರ ಕಡತದಲ್ಲಿತ್ತು. ಮಾಲು ನೋಡದೆ ಮಾಡಿದ ನವೀಕರಣದ ಹೊಣೆಯಿಂದ ಅವರನ್ನು ಕೈಬಿಟ್ಟರು. ಮೊದಲಿನ 31 ಚೀಲದ ನಿರ್ಣಯಗಳಿಗೆ ಅವರೂ ಸಹಿ ಹಾಕಿದ್ದರು, ಆ ಪಾಲು ಅವರ ಮೇಲೂ ಬಂತು. ಹಿಂದಿನ ಮಂಡಳಿಯ 50 ಚೀಲಕ್ಕೆ ಆ ಮಂಡಳಿಯವರ ಮೇಲೆ ಪ್ರತ್ಯೇಕ ಪ್ರಕರಣ ದಾಖಲಾಗಿದೆ, ಕಾರ್ಯದರ್ಶಿ ಎರಡರಲ್ಲೂ ಇದ್ದಾರೆ. ವಸೂಲಿ ಆದೇಶದ ಮೇಲೆ ಅಧ್ಯಕ್ಷರಾಗಿದ್ದವರು ಮೇಲ್ಮನವಿ ಹಾಕಿದ್ದಾರೆ, ಅದು ಇನ್ನೂ ನಡೆಯುತ್ತಿದೆ.

ಹೊಸ ಮಂಡಳಿ ಅಡಮಾನ ಸಾಲವನ್ನು ನಿಲ್ಲಿಸಲಿಲ್ಲ, ನಿಲ್ಲಿಸಿದರೆ ಬೆಳೆಗಾರ ದರ ಬಿದ್ದಾಗಲೇ ಮಾರಬೇಕಾಗುತ್ತದೆ. ಗೋದಾಮಿಗೆ ಎರಡು ಬೀಗ ಹಾಕಿ, ಒಂದು ಕೀ ನೌಕರನ ಹತ್ತಿರ, ಇನ್ನೊಂದು ತಿಂಗಳಿಗೊಬ್ಬ ನಿರ್ದೇಶಕರ ಹತ್ತಿರ ಇರುವಂತೆ ನಿರ್ಣಯ ಮಾಡಿತು. ತಿಂಗಳ ಸಭೆಯ ಮೊದಲ ವಿಷಯ ಚೀಲದ ಎಣಿಕೆ. ಎಣಿಸಿದ ನಿರ್ದೇಶಕರು ರಿಜಿಸ್ಟರ್‌ನಲ್ಲಿ ಸಹಿ ಹಾಕದೆ ಹೊಸ ಅಡಮಾನ ಸಾಲ ಮಂಜೂರು ಮಾಡುವಂತಿಲ್ಲ.